ಡೆಮೊ ಕ್ಲಾಸಿಗೆ ಮುಂಚೆ ಕೈಕಾಲು ನಡುಗಿದರೆ ‘ಹುರುಪು ಬಂದದ’ ಅಂದುಕೊಳ್ಳೋದು ಕೆಲಸ ಮಾಡ್ತದಾ?

ಪ್ರಶ್ನೆ: ನಂದು ಹಾವೇರಿ. ಮುಂದಿನ ವಾರ ಹುಬ್ಬಳ್ಳಿಯ ಒಂದು ಕಾಲೇಜಿನಾಗ ಪಾಠ ಮಾಡೋ ಕೆಲಸಕ್ಕ ಡೆಮೊ ಕ್ಲಾಸ್ ಐತ್ರಿ. ಹೆಸರು ಕರಿಯೋ ಹೊತ್ತಿಗೆ ಎದಿ ಡವಡವ ಅಂತದ, ಬಾಯಿ ಒಣಗತದ. ಮನ್ಯಾಗ ಎಲ್ಲಾರೂ ‘ಟೆನ್ಶನ್ ತಗೋಬ್ಯಾಡ, ಆರಾಮ ಇರು’ ಅಂತಾರ. ಗೆಳತಿ ಒಬ್ಬಾಕಿ ಮಾತ್ರ ‘ಅಂಜಿಕಿ ಅಲ್ಲ, ಹುರುಪು ಅಂದ್ಕೋ’ ಅಂದ್ಳು. ಇದು ಖರೇನ ಕೆಲಸ ಮಾಡ್ತದಾ?

ಉತ್ತರ: ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಆದರೆ ಅಂಜಿಕೆ ಹೋಗುತ್ತದೆ ಎಂದುಕೊಂಡು ಮಾಡಿದರೆ ನಿರಾಸೆಯಾಗುತ್ತದೆ. ನಾನು ಗದಗಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವನು, ಡೆಮೊ ಕ್ಲಾಸ್ ನೋಡುವ ಪ್ಯಾನೆಲ್‌ನಲ್ಲೂ ಕೂತಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ನಿಮ್ಮ ಗೆಳತಿ ಹೇಳಿದ ಉಪಾಯವನ್ನು ಪರೀಕ್ಷೆ ಮಾಡಿ ನೋಡಿದವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್. ಅವರ ಪ್ರಬಂಧ 2014ರಲ್ಲಿ ಬಂತು. ಮುಖ್ಯವಾದ ಭಾಷಣಕ್ಕೆ ಮುಂಚೆ ಅಂಜಿದವರಿಗೆ ಏನು ಹೇಳುತ್ತೀರಿ ಎಂದು ಅವರು ಮೊದಲು ಜನರನ್ನು ಕೇಳಿದರು. ನೂರಕ್ಕೆ ಸುಮಾರು 85 ಮಂದಿಯ ಉತ್ತರ ನಿಮ್ಮ ಮನೆಯವರದೇ: ಆರಾಮ ಇರು.

ಆಮೇಲೆ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಅಪರಿಚಿತರ ಮುಂದೆ ಕರೋಕೆ ಹಾಡಲು ನಿಲ್ಲಿಸಿದರು. ಹಾಡುವ ಮುಂಚೆ ಕೆಲವರು ‘ನನಗೆ ಅಂಜಿಕೆ ಆಗ್ತಿದೆ’ ಎನ್ನಬೇಕು, ಕೆಲವರು ‘ನನಗೆ ಹುರುಪು ಬಂದಿದೆ’ ಎನ್ನಬೇಕು, ಕೆಲವರು ಏನೂ ಹೇಳುವಂತಿಲ್ಲ. ಶ್ರುತಿ, ತಾಳಗಳಿಗೆ ಅಂಕ ಕೊಟ್ಟಿದ್ದು ಕಂಪ್ಯೂಟರ್, ಆದ್ದರಿಂದ ದಾಕ್ಷಿಣ್ಯದ ಮಾತಿಲ್ಲ. ಹುರುಪು ಎಂದವರಿಗೆ ನೂರಕ್ಕೆ ಸುಮಾರು 80, ಸುಮ್ಮನಿದ್ದವರಿಗೆ 69, ಅಂಜಿಕೆ ಎಂದವರಿಗೆ 53. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಂಕವಲ್ಲ, ನಾಡಿ. ಹುರುಪು ಎಂದವರ ಎದೆಬಡಿತವೂ ಉಳಿದವರಷ್ಟೇ ಜೋರಾಗಿತ್ತು.

ಕಾರಣ ಇಲ್ಲೇ ಇದೆ. ಅಂಜಿಕೆಯಲ್ಲೂ ಹುರುಪಿನಲ್ಲೂ ದೇಹ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ: ಅಡ್ರಿನಲಿನ್ ಏರುತ್ತದೆ, ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ. ಆರಾಮ ಆಗಬೇಕೆಂದರೆ ಇದೆಲ್ಲ ಇಳಿಯಬೇಕು. ಹೆಸರು ಕರೆಯಲು ಎರಡು ನಿಮಿಷ ಇರುವಾಗ ಅದು ಇಳಿಯುವುದಿಲ್ಲ, ಇಳಿಯಲಿಲ್ಲವಲ್ಲ ಎಂಬ ಚಿಂತೆ ಬೇರೆ ಸೇರಿಕೊಳ್ಳುತ್ತದೆ. ಹುರುಪು ಎಂದುಕೊಳ್ಳಲು ಏನನ್ನೂ ಇಳಿಸಬೇಕಾಗಿಲ್ಲ. ಬದಲಾಗುವುದು ಗಮನ: ‘ಎಲ್ಲಿ ತಪ್ಪುತ್ತೇನೋ’ ಎನ್ನುವುದರಿಂದ ‘ಏನು ತೋರಿಸಬಹುದು’ ಎನ್ನುವುದರ ಕಡೆಗೆ.

ನಿಮ್ಮ ಡೆಮೊಕ್ಕೆ ಹತ್ತಿರವಾದದ್ದು ಅವರ ಇನ್ನೊಂದು ಪ್ರಯೋಗ. ಕ್ಯಾಮೆರಾ ಮುಂದೆ ಎರಡು ಮೂರು ನಿಮಿಷ ಮಾತಾಡಬೇಕಿತ್ತು. ‘ಹುರುಪು ಬಂದಿದೆ’ ಎಂದು ಬಾಯಿಬಿಟ್ಟು ಹೇಳಿ ಶುರು ಮಾಡಿದವರು ‘ಆರಾಮ ಇದ್ದೇನೆ’ ಎಂದವರಿಗಿಂತ ಹೆಚ್ಚು ಹೊತ್ತು ಮಾತಾಡಿದರು, ನೋಡಿದವರಿಗೆ ಹೆಚ್ಚು ಆತ್ಮವಿಶ್ವಾಸದವರಾಗಿಯೂ ಕಂಡರು. ಅಂಜಿಕೆ ಎಷ್ಟಿತ್ತು ಎಂದು ಕೇಳಿದರೆ ಎರಡೂ ಗುಂಪಿನವರ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಆದ್ದರಿಂದ ಬೆಳಿಗ್ಗೆಯಿಂದ ಜಪದಂತೆ ಹೇಳಿಕೊಳ್ಳಬೇಡಿ. ನಿಮಿಷಕ್ಕೊಮ್ಮೆ ‘ಅಂಜಿಕೆ ಹೋಯಿತೇ’ ಎಂದು ತಡಕಿ ನೋಡುವವರಿಗೆ ಸಿಗುವುದು ಅಂಜಿಕೆಯೇ. ಹೊರಗೆ ಬೆಂಚಿನ ಮೇಲೆ ಕೂತು ಎದೆ ನಿಜವಾಗಿ ಬಡಿಯತೊಡಗಿದಾಗ, ನಿಮ್ಮ ಕಿವಿಗೆ ಕೇಳುವಷ್ಟು ದನಿಯಲ್ಲಿ ಒಮ್ಮೆ ಹೇಳಿ. ಬೆನ್ನಿಗೇ ಅದಕ್ಕೊಂದು ಕೆಲಸ ಜೋಡಿಸಿ. ಅರ್ಥಶಾಸ್ತ್ರದ ಬೇಡಿಕೆ ರೇಖೆ ಪಾಠ ಮಾಡುವವರಿದ್ದರೆ: ‘ಹುರುಪು ಬಂದದ. ಬ್ಯಾಡಗಿ ಮೆಣಸಿನಕಾಯಿ ರೇಟು ಏರಿದರ ಮನ್ಯಾಗ ಎಷ್ಟು ತರ್ತೀವಿ ಅಂತ ಮೊದಲು ಕೇಳ್ತೀನಿ.’ ಒಳಗೆ ಹೋಗಿ ಹೇಳುವ ಮೊದಲ ಮಾತೂ ಅದೇ ಆಗಿರಲಿ. ಈ ಜೋಡಣೆ ಬ್ರೂಕ್ಸ್ ಅವರದಲ್ಲ, ನನ್ನ ಸಲಹೆ. ಪ್ಯಾನೆಲ್‌ನಲ್ಲಿ ಕೂತವರಿಗೆ ಕೈ ನಡುಗುವುದು ಅಷ್ಟಾಗಿ ಕಾಣುವುದಿಲ್ಲ, ಮೊದಲ ವಾಕ್ಯ ಸಿಗದೆ ತಡವರಿಸುವುದು ತಕ್ಷಣ ಕಾಣುತ್ತದೆ.

ಮಿತಿಯನ್ನೂ ಹೇಳಬೇಕು. ಆಮೇಲೆ ಬೇರೆಯವರು ಮಾಡಿದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸರಾಸರಿ ಲಾಭ ಸಣ್ಣದು. ಕರೋಕೆಯ 80, 53ರ ಅಂತರ ನಿಮಗೂ ಸಿಗುತ್ತದೆ ಎಂದು ನಂಬಬೇಡಿ. ಪಾಠ ತಯಾರಿಲ್ಲದಿದ್ದರೆ ಹುರುಪು ಹೊಸ ವಿಷಯವನ್ನೇನೂ ಹೊಳೆಸುವುದಿಲ್ಲ. ಹಿಂದಿನ ರಾತ್ರಿಗೂ ಈ ಉಪಾಯ ಬೇಡ. ಆಗ ನಿದ್ದೆ ಬೇಕು, ನಿಧಾನವಾಗಿ ಉಸಿರು ಬಿಡುವುದೇ ಸರಿ. ಅಂಜಿಕೆಯಿಂದ ಇಂಟರ್‌ವ್ಯೂಗಳನ್ನೇ ತಪ್ಪಿಸುವ ಹಂತಕ್ಕೆ ಹೋಗಿದ್ದರೆ ಅದು ಬೇರೆ ಮಾತು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿ.

ಇನ್ನು ಬಾಯಿ ಒಣಗುವುದು. ಏನು ಅಂದುಕೊಂಡರೂ ಅದು ನಿಲ್ಲುವುದಿಲ್ಲ, ನೀರಿನ ಬಾಟಲಿ ಒಳಗೇ ಒಯ್ಯಿರಿ. ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಒಂದು ಗುಟುಕು ಕುಡಿದರೆ ಯಾರೂ ಏನೂ ಅನ್ನುವುದಿಲ್ಲ.