ಗರ್ಭಿಣಿಯಾಗಿರುವಾಗ ಸೊಂಟನೋವಿಗೆ ಮಾತ್ರೆ, ಹಾಲು ಕುಡಿಸುವಾಗ ಎಷ್ಟು ಗ್ಯಾಪ್?

ಪ್ರಶ್ನೆ: ನನಗೀಗ ಆರು ತಿಂಗಳು. ಸೊಂಟನೋವು, ಆಗಾಗ ತಲೆನೋವು. ಮೆಡಿಕಲ್‌ನಲ್ಲಿ ಸಿಗೋ ನೋವಿನ ಮಾತ್ರೆ ತಗೋಬಹುದಾ, ಅದಕ್ಕೂ ಡಾಕ್ಟರ್‌ನ ಕೇಳ್ಬೇಕಾ? ಹೆರಿಗೆ ಆದ್ಮೇಲೆ ಮಾತ್ರೆ ನುಂಗಿ ಎಷ್ಟು ಗಂಟೆ ಬಿಟ್ಟು ಹಾಲು ಕುಡಿಸ್ಬೇಕು?

ಕೇಳಲೇಬೇಕು. ನಾನು ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ, ಎರಡು ಮಕ್ಕಳ ತಾಯಿ. ಆದರೂ ಒಮ್ಮೆ ಎಡವುವುದರಲ್ಲಿದ್ದೆ.

ಮೊದಲ ಮಗು ಹೊಟ್ಟೆಯಲ್ಲಿತ್ತು, ಏಳು ತಿಂಗಳು ನಡೆಯುತ್ತಿತ್ತು. ಸೊಂಟ ಹಿಡಿದುಕೊಂಡು ಏಳಲಾಗುತ್ತಿರಲಿಲ್ಲ. ನಮ್ಮೆಜಮಾನರು ಬೀದಿ ಕೊನೆಯ ಅಂಗಡಿಗೆ ಹೋಗಿ "ಸೊಂಟನೋವಿಗೆ ಕೊಡಿ" ಅಂದು ಎರಡು ಮಾತ್ರೆ ಕತ್ತರಿಸಿಕೊಂಡು ತಂದರು. ಬಸುರಿಗೆ ಅಂತ ಇವರು ಹೇಳಿರಲಿಲ್ಲ, ಅಂಗಡಿಯವರೂ ಕೇಳಿರಲಿಲ್ಲ. ನೀರಿನ ಲೋಟ ಕೈಯಲ್ಲಿತ್ತು. ಅಭ್ಯಾಸ ಬಲದಿಂದ ಸ್ಟ್ರಿಪ್ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಅಂತ ಇತ್ತು. ಅಲ್ಲೇ ಇಟ್ಟುಬಿಟ್ಟೆ.

ಪ್ಯಾರಾಸಿಟಮಾಲ್ ಗರ್ಭಿಣಿಯರಿಗೆ ಡಾಕ್ಟರುಗಳೇ ಕೊಡುವ ಮಾತ್ರೆ. ತೊಂದರೆ ಜೊತೆಯಲ್ಲಿರುವ ಇನ್ನೊಂದರದ್ದು. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಗುಂಪು. 20 ವಾರ ದಾಟಿದ ಮೇಲೆ ಇವು ಮಗುವಿನ ಕಿಡ್ನಿಯ ಕೆಲಸ ಕುಗ್ಗಿಸಬಹುದು. ಆ ಹೊತ್ತಿಗೆ ಗರ್ಭದ ನೀರಲ್ಲಿ ಹೆಚ್ಚಿನ ಪಾಲು ಮಗುವಿನ ಮೂತ್ರವೇ ಆಗಿರುವುದರಿಂದ ನೀರು ಕಡಿಮೆಯಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿ ಇನ್ನೊಂದು ಅಪಾಯ: ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ, ಹೃದಯದ ಪಕ್ಕದ ಒಂದು ರಕ್ತನಾಳ ಹೊಟ್ಟೆಯಲ್ಲಿರುವಾಗಲೇ ಕಿರಿದಾಗಬಹುದು. ಆರು ತಿಂಗಳು ಅಂದರೆ ನೀವು 20 ವಾರ ದಾಟಿದ್ದೀರಿ. ಹಾಗಂತ ಡಾಕ್ಟರೇ ಬಿಪಿಗೆ ಅಂತ ಸಣ್ಣ ಡೋಸ್ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ, ಅದರ ಲೆಕ್ಕ ಬೇರೆ.

ತಲೆನೋವು ಅಂದಿರಲ್ಲ, ಅದನ್ನು ಇವತ್ತೇ ಹೇಳಿ. ಈ ತಿಂಗಳುಗಳಲ್ಲಿ ಬಿಪಿ ಏರಿದರೂ ತಲೆ ನೋಯುತ್ತದೆ. ಮಾತ್ರೆ ನುಂಗಿ ನೋವು ಇಳಿಯಿತು ಅಂತ ಸುಮ್ಮನಾದರೆ ಬಿಪಿ ಇಳಿದಿರುವುದಿಲ್ಲ. ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮುಖ ಊದುವುದು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಫೋನ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಕೇಳುವುದು ಅಂದರೆ ಪ್ರತಿ ಸಲ ಕ್ಯೂನಲ್ಲಿ ನಿಲ್ಲಬೇಕು ಅಂತಲ್ಲ. ನಿಮ್ಮ ಡಾಕ್ಟರು ಅಥವಾ ನರ್ಸ್ ವಾಟ್ಸಾಪ್ ನೋಡುವವರಾದರೆ ಸ್ಟ್ರಿಪ್ಪಿನ ಹಿಂಭಾಗದ ಫೋಟೊ ಕಳಿಸಿ. ಎಷ್ಟನೇ ವಾರ, ಬೇರೆ ಏನೇನು ಮಾತ್ರೆ ನಡೆಯುತ್ತಿದೆ, ಬರೆಯಿರಿ. ಕಷಾಯ, ಆಯುರ್ವೇದದ ಪುಡಿ, ನೋವಿನ ಮುಲಾಮು ಕೂಡ. ಡೈಕ್ಲೋಫೆನಾಕ್ ಮುಲಾಮಿನಲ್ಲೂ ಇರುತ್ತದೆ, ಜನ ಅದನ್ನು ಔಷಧಿ ಅಂತಲೇ ಎಣಿಸುವುದಿಲ್ಲ.

ಈಗ ಹಾಲಿನ ವಿಷಯ. ನನಗೆ ಸಿಸೇರಿಯನ್ ಆಗಿ ಐಬುಪ್ರೊಫೆನ್ ಕೊಟ್ಟಿದ್ದರು. ಬಸುರಿಗೆ ಬೇಡ ಅಂದದ್ದನ್ನು ಬಾಣಂತಿಗೆ ಕೊಡುತ್ತಾರೆ, ಯಾಕೆಂದರೆ ಹಾಲಿಗೆ ಇಳಿಯುವುದು ತೀರಾ ಸ್ವಲ್ಪ. ಮನೆಗೆ ಬಂದ ಹಿರಿಯರೊಬ್ಬರು "ಆರು ಗಂಟೆ ಕುಡಿಸಬೇಡ, ಹಾಲು ಹಿಂಡಿ ಚೆಲ್ಲು" ಅಂದರು. ನಿದ್ದೆಗೆಟ್ಟ ತಲೆ, ನಾನೂ ಕೇಳಿದೆ. ಸಂಜೆಗೆ ಎದೆ ಕಲ್ಲಾಗಿತ್ತು, ಮಗು ಚೀರುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದರೆ, "ಈ ಮಾತ್ರೆಗೆ ಗ್ಯಾಪೇ ಬೇಡ, ಮೊದಲು ಕುಡಿಸಿ" ಅಂದರು.

ಎದೆ ಹಾಲು ತುಂಬಿಟ್ಟ ಕೊಡ ಅಲ್ಲ. ರಕ್ತದಲ್ಲಿ ಔಷಧಿ ಇಳಿದಂತೆ ಹಾಲಿನಲ್ಲಿರುವುದೂ ರಕ್ತಕ್ಕೆ ವಾಪಸ್ ಹೋಗುತ್ತದೆ. ಹಾಗಾಗಿ ಹಿಂಡಿ ಚೆಲ್ಲಿದರೆ ಔಷಧಿ ಬೇಗ ಹೋಗುವುದಿಲ್ಲ. ಡಾಕ್ಟರು ಸಮಯ ನೋಡಿಕೊಳ್ಳಿ ಅಂದ ಮಾತ್ರೆಗೆ, ಕುಡಿಸಿದ ತಕ್ಷಣ ನುಂಗುವುದು ಸರಳ ದಾರಿ. ರಾತ್ರಿ 9ಕ್ಕೆ ಮಗು ಕುಡಿದು ಮಲಗಿತು, 9:10ಕ್ಕೆ ಮಾತ್ರೆ. ಒಂದೆರಡು ಗಂಟೆಯಲ್ಲಿ ಏರಿ ಇಳಿಯುವ ಔಷಧಿಯಾದರೆ ಮಗು 1 ಗಂಟೆಗೆ ಏಳುವಷ್ಟರಲ್ಲಿ ಬಹುಪಾಲು ಇಳಿದಿರುತ್ತದೆ. ಎರಡೆರಡು ಗಂಟೆಗೆ ಕುಡಿಯುವ ಹಸುಗೂಸಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ದಿನಗಟ್ಟಲೆ ಮೈಯಲ್ಲಿ ಉಳಿಯುವ ಔಷಧಿಗೂ ಅಷ್ಟೆ, ಗಡಿಯಾರ ನೋಡಿ ಲಾಭವಿಲ್ಲ. ಆಗ ಔಷಧಿ ಬದಲಿಸಬಹುದಾ ಅಂತಲೇ ಕೇಳಬೇಕು.

ಟ್ರಮಡಾಲ್ ಅನ್ನುವ ಜೋರು ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು ಕೂಡ ಗ್ಯಾಪ್ ಕೊಟ್ಟರೆ ಸರಿಹೋಗುವಂಥವಲ್ಲ. ಕೆಲವು ತಾಯಂದಿರ ದೇಹ ಇವನ್ನು ಬಹಳ ಬೇಗ ಜೋರು ಮತ್ತಿನ ರೂಪಕ್ಕೆ ತಿರುಗಿಸುತ್ತದೆ, ಅದು ಹಾಲಿಗೂ ಹೋಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಹಾಲೂಡಿಸುವವರಿಗೆ ಇವು ಬೇಡ ಅಂದಿದೆ. ಗೊತ್ತಿಲ್ಲದೆ ತೆಗೆದುಕೊಂಡಿದ್ದರೆ ಮಗುವನ್ನು ನೋಡಿ. ಎಬ್ಬಿಸಿದರೂ ಏಳದೆ, ಎದೆ ಕಚ್ಚದೆ ಜೋತುಬಿದ್ದರೆ, ಉಸಿರು ನಿಧಾನವಾದರೆ, ಸ್ಟ್ರಿಪ್ಪನ್ನೋ ಬಾಟಲಿಯನ್ನೋ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.