ಒಂಬತ್ತು ಸಾವಿರ ವಾಲ್ವ್ ಮತ್ತು ಅಮ್ಮನ ಶರ್ಟ್ ಲೈನ್

ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷದ ಹುಡುಗ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. "ಪರೀಕ್ಷೆ ಭಯ" ಎಂದು ಚೀಟಿ ಬರೆದು ಅವರ ಉಪನ್ಯಾಸಕರು ನನ್ನ ಬಳಿ ಕಳಿಸಿದ್ದರು. ಹಾಲ್‌ನಲ್ಲಿ ಕೂತರೆ ಓದಿದ್ದೆಲ್ಲ ಮರೆತುಹೋಗುತ್ತದೆ ಎಂದು ಅವನೂ ಹೇಳಿದ.

ಉತ್ತರಪತ್ರಿಕೆ ತರಿಸಿ ನೋಡಿದೆ. ಮರೆತದ್ದು ಏನೂ ಇರಲಿಲ್ಲ! ಜಾಬ್, ಬ್ಯಾಚ್, ಮಾಸ್ ಉತ್ಪಾದನೆಯ ವ್ಯತ್ಯಾಸದ ಪಟ್ಟಿ ಅಚ್ಚುಕಟ್ಟಾಗಿ ಬರೆದಿದ್ದ. ಎಡವಿದ್ದು ಅದರ ಮುಂದಿನ ಪ್ರಶ್ನೆಯಲ್ಲಿ. ಒಂದು ಕಾರ್ಖಾನೆ 30 ಬಗೆಯ ವಾಲ್ವ್ ಬಾಡಿ ಮಾಡುತ್ತದೆ. ಒಂದೊಂದು ಆರ್ಡರ್ 150ರಿಂದ 450. ತಿಂಗಳಿಗೆ ಒಟ್ಟು 9,000. ಲೇತ್‌ಗಳೆಲ್ಲ ಒಂದು ಕಡೆ, ಡ್ರಿಲ್ಲಿಂಗ್ ಮಷಿನ್‌ಗಳು ಇನ್ನೊಂದು ಕಡೆ. ಪ್ರತಿ ಆರ್ಡರ್‌ಗೂ ಸೆಟ್ಟಿಂಗ್ ಬದಲು. ಮಷಿನ್ ಪಕ್ಕದಲ್ಲಿ ಅರ್ಧ ಮುಗಿದ ಮಾಲಿನ ರಾಶಿ. ಇದು ಯಾವ ಉತ್ಪಾದನೆ, ಯಾವ ಲೇಔಟ್? ಇವನು ಬರೆದದ್ದು: ಮಾಸ್, ಪ್ರಾಡಕ್ಟ್ ಲೇಔಟ್.

"ಯಾಕೋ ಹಾಗೆ ಬರೆದೆ?"

"ಒಂಬತ್ತು ಸಾವಿರ ಅಂದ್ರೆ ಜಾಸ್ತಿ ಅಲ್ವಾ ಮೇಡಂ?"

ಅಲ್ಲಿಗೆ ಭಯದ ಮಾತು ಬಿಟ್ಟೆ. ಈ ಕೆಲಸಕ್ಕೆ ಬರುವ ಮೊದಲು ಆರು ವರ್ಷ ಮಷಿನ್ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿದ್ದವಳು ನಾನು. ಒಂಬತ್ತು ಸಾವಿರ ಎನ್ನುವುದು ಇಲ್ಲಿ ದಾರಿ ತಪ್ಪಿಸುವ ಸಂಖ್ಯೆ. ಲೇತ್ ಮುಂದೆ ನಿಂತವನಿಗೆ ತಿಂಗಳ ಒಟ್ಟು ಲೆಕ್ಕ ಕಾಣುವುದಿಲ್ಲ. ಈ ಆರ್ಡರ್ 200, ಮುಗಿದ ಮೇಲೆ ಸೆಟ್ಟಿಂಗ್ ಕಿತ್ತು ಬೇರೆಯದು ಕಟ್ಟಬೇಕು ಎನ್ನುವುದಷ್ಟೇ ಕಾಣುತ್ತದೆ.

ಒಂದು ಲೆಕ್ಕ ಮಾಡಿಸಿದೆ. ಸೆಟ್ಟಿಂಗ್‌ಗೆ 90 ನಿಮಿಷ, ಒಂದು ಪೀಸ್‌ಗೆ 3 ನಿಮಿಷ ಎಂದಿಟ್ಟುಕೊಳ್ಳೋಣ. ಒಂದೇ ಪೀಸ್ ಮಾಡಿದರೆ ಅದಕ್ಕೆ 93 ನಿಮಿಷ. ಇನ್ನೂರು ಒಟ್ಟಿಗೆ ಮಾಡಿದರೆ 690 ನಿಮಿಷ, ಅಂದರೆ ಪೀಸ್‌ಗೆ ಮೂರೂವರೆ ನಿಮಿಷವೂ ಆಗಲಿಲ್ಲ. ಬ್ಯಾಚ್ ಕಟ್ಟುವುದು ಇದಕ್ಕೇ. ಇನ್ನೂರೂ ಮುಗಿಯುವವರೆಗೆ ಮೊದಲ ಪೀಸ್ ಮುಂದಿನ ಮಷಿನ್‌ಗೆ ಹೋಗದೆ ಕಾಯುತ್ತದೆ. ಪ್ರಶ್ನೆಯಲ್ಲಿದ್ದ ರಾಶಿ ಅದೇ. ಸುಮ್ನೆ ವರ್ಣನೆಗೆ ಬರೆದ ಸಾಲಲ್ಲ ಅದು.

ನಾನು ಕೊಟ್ಟ ಸಲಹೆ ಇಷ್ಟೇ. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳು. ಮೊದಲನೆಯದು ಉತ್ಪಾದನೆಗೆ: ಇದೇ ಮಾಲು ಮತ್ತೆ ಬರುತ್ತದೆಯೇ, ನಡುವೆ ಸೆಟ್ಟಿಂಗ್ ಬದಲಾಗುತ್ತದೆಯೇ? ಗಿರಾಕಿ ಕೇಳಿದಂತೆ ಒಂದು ಸಲಕ್ಕೆ ಮಾಡಿದ್ದು ಜಾಬ್. ಸೆಟ್ಟಿಂಗ್ ಬದಲಿಸಿ ಬದಲಿಸಿ ಮಾಡುವುದು ಬ್ಯಾಚ್. ಸೆಟ್ಟಿಂಗ್ ಮುಟ್ಟದೆ ದಿನವೂ ಅದೇ ಮಾಲು ಬಂದರೆ ಮಾಸ್. ಎರಡನೆಯದು ಲೇಔಟ್‌ಗೆ: ಒಂದೇ ಜಾತಿಯ ಮಷಿನ್‌ಗಳು ಒಟ್ಟಿಗಿವೆಯೇ, ಕೆಲಸದ ಕ್ರಮದಲ್ಲಿ ನಿಂತಿವೆಯೇ, ಅಥವಾ ಮಾಲೇ ಕದಲುವುದಿಲ್ಲವೇ? ಪ್ರೋಸೆಸ್, ಪ್ರಾಡಕ್ಟ್, ಫಿಕ್ಸೆಡ್ ಪೊಸಿಷನ್, ಅದೇ ಕ್ರಮದಲ್ಲಿ.

ಬೇರೆ ಬೇರೆ ಎಂದಿದ್ದಕ್ಕೆ ಅವನು ಹಿಂಜರಿದ. ಪಟ್ಟಿಯಲ್ಲಿ ಜಾಬ್ ಮತ್ತು ಬ್ಯಾಚ್ ಎದುರು ಪ್ರೋಸೆಸ್, ಮಾಸ್ ಎದುರು ಪ್ರಾಡಕ್ಟ್ ಎಂದು ಜೋಡಿ ಕಟ್ಟಿಯಾಗಿತ್ತು. ಸಾಮಾನ್ಯವಾಗಿ ಜೋಡಿ ಸರಿಯೇ, ಆದರೆ ಗಂಟು ಹಾಕಿದ್ದಲ್ಲ. ಒಂದು ಹಡಗೂ ಜಾಬ್, ಒಂದು ಪ್ರೆಸ್ ಡೈ ಕೂಡ ಜಾಬ್. ಡೈ ಮಷಿನ್‌ನಿಂದ ಮಷಿನ್‌ಗೆ ಹೋಗುತ್ತದೆ. ಹಡಗು ನಿಂತಲ್ಲೇ ಇರುತ್ತದೆ, ಜನವೇ ಅದರ ಹತ್ತಿರ ಬರುತ್ತಾರೆ.

ಮಾತಿನ ನಡುವೆ ಅವನ ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ ಎಂದು ತಿಳಿಯಿತು. ಶರ್ಟ್‌ಗೆ ಕಾಲರ್ ಕೂರಿಸುವ ಕೆಲಸ. "ರಾತ್ರಿ ಅಮ್ಮನನ್ನೇ ಕೇಳಿಕೊಂಡು ಬಾ" ಎಂದು ಕಳಿಸಿದೆ. ಮುಂದಿನ ವಾರ ಒಂದು ಪುಟ ತುಂಬಾ ಬರೆದು ತಂದಿದ್ದ. ಬಟ್ಟೆ ಕಟಿಂಗ್ ಸೆಕ್ಷನ್‌ನಲ್ಲಿ ಕತ್ತರಿಸಿ ಬಂಡಲ್ ಆಗಿ ಬರುತ್ತದೆ. ಲೈನ್‌ನಲ್ಲಿ ಒಬ್ಬರ ಹಿಂದೆ ಒಬ್ಬರು, ಹೊಲಿಗೆಯ ಕ್ರಮದಲ್ಲಿ. ಎಂಟು ಹತ್ತು ದಿನಕ್ಕೆ ಆರ್ಡರ್ ಮುಗಿದು ಸ್ಟೈಲ್ ಬದಲಾಗುತ್ತದೆ. ಕೆಲವು ಮಷಿನ್‌ಗಳ ಜಾಗ ಬದಲಿಸುತ್ತಾರೆ. ಮೊದಲ ಎರಡು ದಿನ ಟಾರ್ಗೆಟ್ ಮುಟ್ಟದೆ ಬೈಸಿಕೊಳ್ಳುವುದು ಮಾಮೂಲು.

"ಇದು ಬ್ಯಾಚ್ ತಾನೇ ಮೇಡಂ? ಆದರೆ ಲೇಔಟ್ ಪ್ರಾಡಕ್ಟ್!"

ಹೌದು, ಅದೇ. ಮೊದಲ ಎರಡು ದಿನದ ಬೈಗುಳ ಸ್ಟೈಲ್ ಬದಲಿಸಿದ್ದಕ್ಕೆ ತೆತ್ತ ಬೆಲೆ, ಲೇತ್‌ನ 90 ನಿಮಿಷದ ಹಾಗೆ. ಸೆಟ್ಟಿಂಗ್ ಎಂಬ ಪದ ಇಲ್ಲದೆಯೂ ಸುಳಿವು ಅಲ್ಲಿತ್ತು.

ಒಂದು ಎಚ್ಚರಿಕೆಯನ್ನೂ ಹೇಳಿದೆ. ಮಷಿನ್ ಹೇಗೆ ನಿಂತಿವೆ ಎಂದು ಪ್ರಶ್ನೆ ಹೇಳದಿದ್ದರೆ ಜಾಣತನ ತೋರಿಸಬೇಡ, ಪಟ್ಟಿಯ ಜೋಡಿಯನ್ನೇ ಬರೆ. ಹೇಳಿದ್ದರೆ ಆ ಸಾಲನ್ನೇ ಎತ್ತಿ ಬರೆದು "ಆದ್ದರಿಂದ" ಎನ್ನು. ತಿದ್ದುವವರು ಬೇರೆ ಉತ್ತರ ನಿರೀಕ್ಷಿಸಿದ್ದರೂ ಕಾರಣ ಅವರ ಕಣ್ಣಿಗೆ ಬೀಳಬೇಕು.

ಮುಂದಿನ ಟೆಸ್ಟ್‌ನಲ್ಲಿ ಬಂದದ್ದು ಬಿಸ್ಕತ್ ಕಾರ್ಖಾನೆ: ಒಂದೇ ಓವನ್ ಲೈನ್, ವಾರಕ್ಕೊಮ್ಮೆ ಬೇರೆ ಬಗೆ. ಬ್ಯಾಚ್, ಪ್ರಾಡಕ್ಟ್ ಲೇಔಟ್ ಎಂದು ಬರೆದು, "ವಾರಕ್ಕೊಮ್ಮೆ ಬೇರೆ ಬಗೆ" ಎಂಬ ಮಾತಿಗೆ ಅಡಿಗೆರೆ ಎಳೆದಿದ್ದ. ಐದಕ್ಕೆ ನಾಲ್ಕು ಬಂತು. ಉಳಿದ ಒಂದು ಲೇಔಟ್ ಚಿತ್ರ ಬರೆಯದೆ ಬಿಟ್ಟಿದ್ದಕ್ಕೆ ಹೋಗಿತ್ತು.