ವಿಕೆಟ್‌ಗೆ ಬಡಿಯುವ ಚೆಂಡಿಗೂ ನಾಟೌಟ್ ಯಾಕೆ?

"ಪ್ಯಾಡಿಗೆ ಬಿದ್ದ ಚೆಂಡು ನೇರ ಮಿಡಲ್ ಸ್ಟಂಪ್‌ಗೆ ಹೋಗ್ತಿತ್ತು ಅಂತ ಟಿವಿಯಲ್ಲೇ ತೋರಿಸಿದ್ರು. ಆದ್ರೂ ನಾಟೌಟ್ ಕೊಟ್ರು. ಯಾಕೆ?"

ನಾನು ಊರಿನ ಲೀಗ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಲ್ಲುತ್ತೇನೆ. ನನ್ನ ಮೇಲೆ ಅತಿ ಹೆಚ್ಚು ಕೂಗಾಟ ನಡೆಯುವುದು ಇದಕ್ಕೇ, ಅಂದರೆ ವಿಕೆಟ್‌ಗೆ ಹೋಗುವ ಚೆಂಡನ್ನು ಬ್ಯಾಟರ್‌ನ ಕಾಲು ತಡೆದಾಗ ಕೊಡುವ ಎಲ್‌ಬಿಡಬ್ಲ್ಯು ತೀರ್ಪಿಗೆ. ಚೆಂಡು ವಿಕೆಟ್‌ಗೆ ಬಡಿಯುತ್ತಿತ್ತೇ ಎನ್ನುವುದು ನಾವು ಕೇಳಿಕೊಳ್ಳುವ ಕೊನೆಯ ಪ್ರಶ್ನೆ. ನೋಬಾಲ್ ಅಲ್ಲ, ಮೊದಲು ಬ್ಯಾಟಿಗೆ ತಾಗಿಲ್ಲ ಎಂದಾದ ಮೇಲೂ ಇನ್ನೆರಡು ವಿಷಯ ನೋಡಬೇಕು: ಚೆಂಡು ಎಲ್ಲಿ ನೆಲಕ್ಕೆ ಬಿತ್ತು, ಎಲ್ಲಿ ಪ್ಯಾಡಿಗೆ ತಾಗಿತು.

ಲೆಗ್ ಸ್ಪಿನ್ನರ್ ಒಬ್ಬ ಬಲಗೈ ಬ್ಯಾಟರ್‌ಗೆ ಎಸೆದ ಚೆಂಡು ಲೆಗ್ ಸ್ಟಂಪ್‌ನಿಂದ ನಾಲ್ಕು ಬೆರಳು ಹೊರಗೆ ಬಿದ್ದು, ತಿರುಗಿ, ಮಿಡಲ್ ಸ್ಟಂಪ್ ಎದುರು ಪ್ಯಾಡಿಗೆ ಬಡಿಯಿತು ಎನ್ನಿ. ಅದು ವಿಕೆಟ್ ಉರುಳಿಸುವುದು ಖಂಡಿತವಾಗಿದ್ದರೂ ನಾಟೌಟ್. ಬ್ಯಾಟರ್ ಬ್ಯಾಟ್ ಬೀಸಿದನೋ ಇಲ್ಲವೋ ಎನ್ನುವುದೂ ಲೆಕ್ಕಕ್ಕಿಲ್ಲ. ನೀವು ನೋಡಿದ್ದು ಬಹುಶಃ ಇದನ್ನೇ. ಈ ರಕ್ಷಣೆ ಇಲ್ಲದಿದ್ದರೆ ಬೌಲರ್‌ಗಳು ದಿನವಿಡೀ ಕಾಲಿನ ಹಿಂದೆಯೇ ಚೆಂಡು ಹಾಕುತ್ತಿದ್ದರು. ಪಕ್ಕಕ್ಕೆ ತಿರುಗಿ ನಿಂತವನಿಗೆ ಅಲ್ಲಿಂದ ಬರುವ ಚೆಂಡನ್ನು ಆಡುವುದು ತೀರಾ ಕಷ್ಟ. ಆದರೆ ಚೆಂಡು ನೆಲಕ್ಕೆ ತಾಗದೆ ನೇರ ಪ್ಯಾಡಿಗೆ ಬಂದರೆ ಈ ತಡೆ ಅನ್ವಯಿಸುವುದಿಲ್ಲ.

ಆಫ್ ಕಡೆ ಲೆಕ್ಕ ಬೇರೆ. ಹೊರಗೆ ಬಿದ್ದು ಒಳಗೆ ಬಂದ ಚೆಂಡಿಗೆ ಔಟ್ ಕೊಡಬಹುದು. ಪ್ಯಾಡಿಗೆ ತಾಗಿದ್ದೂ ಆಫ್ ಸ್ಟಂಪ್‌ನ ಹೊರಗೇ ಆದರೆ, ಬ್ಯಾಟರ್ ನಿಜವಾಗಿ ಬ್ಯಾಟಿನಿಂದ ಆಡಲು ಯತ್ನಿಸಿದ್ದನೇ ಎಂದು ನೋಡುತ್ತೇವೆ. ಯತ್ನಿಸಿದ್ದರೆ ಉಳಿದ. ಬ್ಯಾಟನ್ನು ಪ್ಯಾಡಿನ ಹಿಂದೆ ಬಚ್ಚಿಟ್ಟು ಕಾಲು ಚಾಚಿದ್ದರೆ, ಚೆಂಡು ವಿಕೆಟ್‌ಗೆ ಹೋಗುವಂತಿದ್ದಲ್ಲಿ ಔಟ್.

ಈ ಷರತ್ತು ಮೊದಲು ಇರಲಿಲ್ಲ. 1957ರ ಎಡ್ಜ್‌ಬಾಸ್ಟನ್ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್‌ನ ಸನ್ನಿ ರಾಮದೀನ್ ಮೊದಲ ಇನಿಂಗ್ಸ್‌ನಲ್ಲೇ ಏಳು ವಿಕೆಟ್ ಕಿತ್ತಿದ್ದರು. ಅವರ ಚೆಂಡು ಯಾವ ಕಡೆ ತಿರುಗುತ್ತದೆಂದು ಇಂಗ್ಲೆಂಡ್‌ನವರಿಗೆ ತಿಳಿಯುತ್ತಿರಲಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಪೀಟರ್ ಮೇ, ಕಾಲಿನ್ ಕೌಡ್ರಿ ಆಫ್ ಸ್ಟಂಪ್ ಆಚೆ ಎಡಗಾಲು ಚಾಚಿ ಪ್ಯಾಡಿನಿಂದಲೇ ಚೆಂಡು ತಡೆಯುತ್ತಾ 411 ರನ್ ಜೊತೆಯಾಟ ಆಡಿದರು. ರಾಮದೀನ್ 98 ಓವರ್ ಎಸೆದರು, ಸಿಕ್ಕಿದ್ದು ಎರಡೇ ವಿಕೆಟ್. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬ್ಯಾಟ್ ಬಳಸದವನಿಗೆ ಆಫ್ ಕಡೆ ರಕ್ಷಣೆ ಇಲ್ಲವೆಂಬ ಮಾತು 1980ರ ನಿಯಮಾವಳಿಯಲ್ಲಿ ಸೇರಿತು.

ಮುಂದಿನ ಸಲ ರಿಪ್ಲೇ ಬಂದಾಗ ಸ್ಟಂಪ್ ಕಡೆ ನೋಡಬೇಡಿ. ಮೊದಲು ಚೆಂಡು ನೆಲ ಮುಟ್ಟಿದ ಜಾಗ ನೋಡಿ. ಅದು ಲೆಗ್ ಸ್ಟಂಪ್ ಗೆರೆಯ ಆಚೆಗಿದ್ದರೆ ಅಲ್ಲಿಗೇ ಮುಗಿಯಿತು, ಉಳಿದದ್ದನ್ನು ನಾವೂ ನೋಡುವುದಿಲ್ಲ.